ಹಳೆಯ ಕಡತಗಳ ಸ್ಕ್ಯಾನಿಂಗ್ ಟೆಂಡರ್‌ಗೆ ಬಿಡ್: ತಾಂತ್ರಿಕ ಮತ್ತು ಆರ್ಥಿಕ ಪ್ರಸ್ತಾವನೆ

ಇವರಿಗೆ,
ಟೆಂಡರ್ ಕರೆದ ಅಧಿಕಾರಿಗಳು,
ದಾಖಲೆ ಕೊಠಡಿ ವಿಭಾಗ

ವಿಷಯ: 3,200 ಕಟ್ಟುಗಳಲ್ಲಿರುವ ಕಡತಗಳನ್ನು ಸ್ಕ್ಯಾನ್ ಮಾಡಿ, ಸೂಚಿ ಸಮೇತ ಒಪ್ಪಿಸುವ ಕೆಲಸ. ಎರಡು ಲಕೋಟೆ ಪದ್ಧತಿಯ ಬಿಡ್.

ಮಾನ್ಯರೇ,

ಮೇಲಿನ ಕೆಲಸಕ್ಕೆ ನಮ್ಮ ಸಂಸ್ಥೆಯ ಬಿಡ್ ಸಲ್ಲಿಸುತ್ತಿದ್ದೇವೆ. ಟೆಂಡರ್ ದಾಖಲೆ, ತಿದ್ದುಪಡಿ, ಪ್ರೀ-ಬಿಡ್ ಸಭೆಯ ಸ್ಪಷ್ಟೀಕರಣ ಮೂರನ್ನೂ ಓದಿ ಒಪ್ಪಿದ್ದೇವೆ. ಮೊದಲ ಲಕೋಟೆಯಲ್ಲಿ ಇಎಂಡಿಯ ಬ್ಯಾಂಕ್ ಗ್ಯಾರಂಟಿ, ನೋಂದಣಿ ಮತ್ತು ತೆರಿಗೆ ಪತ್ರಗಳು, ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ ಹಾಗೂ ತಾಂತ್ರಿಕ ಪ್ರಸ್ತಾವನೆ ಇವೆ. ದರ ಎರಡನೇ ಲಕೋಟೆಯಲ್ಲಿ ಮಾತ್ರ ಇದೆ. ಈ ಬಿಡ್ ತೆರೆದ ದಿನದಿಂದ 90 ದಿನ ಊರ್ಜಿತ.

ಲಕೋಟೆ 1: ತಾಂತ್ರಿಕ ಪ್ರಸ್ತಾವನೆ

ಕೊಠಡಿಯಲ್ಲಿ ನಾವು ಕಂಡದ್ದು

ಪ್ರೀ-ಬಿಡ್ ಸಭೆಯ ದಿನ ನಿಮ್ಮ ಅನುಮತಿ ಪಡೆದು 40 ಕಟ್ಟು ಬಿಚ್ಚಿ ನೋಡಿದೆವು. 9 ಕಟ್ಟುಗಳಲ್ಲಿ ಹೊಲಿಗೆಯ ದಾರ ಅಕ್ಷರಗಳ ಮೇಲೇ ಹಾದಿತ್ತು. ಇನ್ನು 6ರಲ್ಲಿ ಗುಂಡುಸೂಜಿ ತುಕ್ಕು ಹಿಡಿದು ಕಾಗದಕ್ಕೆ ಅಂಟಿಕೊಂಡಿತ್ತು. ಇಂಥ ಹಾಳೆಯನ್ನು ಫೀಡರ್ ಸ್ಕ್ಯಾನರ್‌ಗೆ ಕೊಟ್ಟರೆ ಹರಿಯುವುದು ಖಂಡಿತ. ಹಾಗಾಗಿ ಮೇಲಿನಿಂದ ಫೋಟೊ ತೆಗೆಯುವ ಓವರ್‌ಹೆಡ್ ಸ್ಕ್ಯಾನರ್‌ಗಳನ್ನೇ ಬಳಸುತ್ತೇವೆ. ಇದು ನಿಧಾನ, ಆದರೆ ಹಾಳೆಯನ್ನು ಎಳೆಯುವುದಿಲ್ಲ.

ಚಿತ್ರ ತೆಗೆಯುವುದು ಈ ಕೆಲಸದ ಸುಲಭದ ಭಾಗ ಎಂದು ನಮ್ಮ ಅನುಭವ. ಬೇಕಾದ ಕಡತ ಹುಡುಕಿದಾಗ ಸಿಗಬೇಕು, ಮೂಲ ಕಟ್ಟು ಮೊದಲಿದ್ದ ಕ್ರಮದಲ್ಲೇ ಕಪಾಟಿಗೆ ಮರಳಬೇಕು. ಹಿಂದೊಮ್ಮೆ ಒಂದು ಕಚೇರಿಯಲ್ಲಿ ನಮ್ಮವರೇ ಎರಡು ಕಟ್ಟುಗಳ ಹಾಳೆ ಬೆರೆಸಿಬಿಟ್ಟಿದ್ದರು. ಅದನ್ನು ಸರಿಪಡಿಸಲು ಮೂರು ಜನ ನಾಲ್ಕು ದಿನ ಕೂರಬೇಕಾಯಿತು. ಅಂದಿನಿಂದ ಒಂದು ಮೇಜಿನ ಮೇಲೆ ಒಂದೇ ಕಟ್ಟು ಬಿಚ್ಚುವುದು ನಮ್ಮಲ್ಲಿ ನಿಯಮ.

ಕೆಲಸ ನಡೆಯುವ ಬಗೆ

ಕಟ್ಟನ್ನು ನಿಮ್ಮ ಸಿಬ್ಬಂದಿಯಿಂದ ಸಹಿ ಹಾಕಿ ಪಡೆಯುತ್ತೇವೆ. ಬಿಚ್ಚುವ ಮೊದಲೇ ಬೆನ್ನಿನ ಭಾಗದ ಫೋಟೊ ತೆಗೆದು, ಬಾರ್‌ಕೋಡ್ ಚೀಟಿ ಇಡುತ್ತೇವೆ. ಚೀಟಿಯನ್ನು ಕಾಗದಕ್ಕೆ ಅಂಟಿಸುವುದಿಲ್ಲ. ಮೆತ್ತನೆಯ ಬ್ರಶ್‌ನಿಂದ ಧೂಳು ತೆಗೆದು, ಪಿನ್ ಬಿಡಿಸಿ, ಪುಟಗಳನ್ನು ಎಣಿಸಿ ಚೀಟಿಯಲ್ಲಿ ಬರೆಯುತ್ತೇವೆ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚುವುದು ನಿಷೇಧ: ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದವನ್ನೂ ಹಾಳು ಮಾಡುತ್ತದೆ. ತೆಳು ಟಿಶ್ಯೂ ಕಾಗದ ಮತ್ತು ಗಂಜಿಯ ಅಂಟು ಬಳಸುತ್ತೇವೆ. ಅಕ್ಷರದ ಮೇಲೆ ಹೊಲಿಗೆ ಹಾದಿದ್ದರೆ ನಿಮ್ಮ ಅಧಿಕಾರಿಯ ಸಹಿ ಇಲ್ಲದೆ ದಾರ ಕತ್ತರಿಸುವುದಿಲ್ಲ.

ಪ್ರತಿ ಪುಟವನ್ನೂ 300 ಡಿಪಿಐ, 24 ಬಿಟ್ ಬಣ್ಣದಲ್ಲಿ ಸ್ಕ್ಯಾನ್ ಮಾಡುತ್ತೇವೆ. ಕಪ್ಪು-ಬಿಳುಪು ಅಗ್ಗ, ನಿಜ. ಆದರೆ ಕೆಂಪು ಶಾಯಿಯ ಷರಾ ಮತ್ತು ನೀಲಿ ಮೊಹರು ಅದರಲ್ಲಿ ಒಂದೇ ಥರ ಕಾಣುತ್ತವೆ. ಮೂಲ ಪ್ರತಿ ಟಿಫ್‌ನಲ್ಲಿ, ದಿನಬಳಕೆಯ ಪ್ರತಿ ಪಿಡಿಎಫ್/ಎ ರೂಪದಲ್ಲಿ ಇರುತ್ತದೆ. ಈ ಗುಣಮಟ್ಟದಲ್ಲಿ ಒಂದು ಎ4 ಪುಟ ಸುಮಾರು 26 ಎಂಬಿ ಆಗುತ್ತದೆ. ಒಟ್ಟು 9,60,000 ಪುಟಕ್ಕೆ 25 ಟಿಬಿ ಹತ್ತಿರ ಬರುತ್ತದೆ. ಚಿತ್ರದ ಗುಣ ಕೆಡದಂತೆ ಕುಗ್ಗಿಸಿ ಇಟ್ಟರೂ, ಜಾಗದ ಲೆಕ್ಕವನ್ನು ನಾವು ಇಷ್ಟಕ್ಕೇ ಹಾಕಿದ್ದೇವೆ.

ಫೈಲ್ ಹೆಸರು ಹೀಗಿರುತ್ತದೆ:

```
0417_09_0032.tif
```

ಅಂದರೆ 417ನೇ ಕಟ್ಟು, 9ನೇ ಕಡತ, 32ನೇ ಪುಟ. ಹೆಸರು ನೋಡಿದರೆ ಸಾಕು, ಮೂಲ ಹಾಳೆ ಯಾವ ಕಪಾಟಿನಲ್ಲಿದೆ ಎಂದು ಗುಮಾಸ್ತರಿಗೆ ಗೊತ್ತಾಗಬೇಕು.

ಸೂಚಿಯಲ್ಲಿ ಕಡತಕ್ಕೆ ಆರು ವಿವರಗಳಿರುತ್ತವೆ: ಕಡತ ಸಂಖ್ಯೆ, ವರ್ಷ, ವಿಷಯ, ಅರ್ಜಿದಾರರ ಹೆಸರು, ಪುಟಗಳ ಸಂಖ್ಯೆ, ಕಟ್ಟಿನ ಸಂಖ್ಯೆ. ಕಟ್ಟಿಗೆ ಸರಾಸರಿ 12ರಂತೆ 38,400 ಕಡತಗಳಾಗುತ್ತವೆ. ಒಂದೇ ಕಡತದ ವಿವರವನ್ನು ಇಬ್ಬರು ಬೇರೆಬೇರೆಯಾಗಿ ಟೈಪ್ ಮಾಡುತ್ತಾರೆ. ಎರಡೂ ಹೊಂದದಿದ್ದರೆ ಮೂರನೆಯವರು ಮೂಲ ಹಾಳೆ ನೋಡಿ ತೀರ್ಮಾನಿಸುತ್ತಾರೆ.

ಒಸಿಆರ್ ಬಗ್ಗೆ ಒಂದು ಮಾತು. ಟೈಪ್ ಮಾಡಿದ, ಅಚ್ಚಾದ ಪುಟಗಳಿಗೆ ಒಸಿಆರ್ ಮಾಡಿಕೊಡುತ್ತೇವೆ. ಹಳೆಯ ಕೈಬರಹಕ್ಕೂ ಮಾಡುತ್ತೇವೆಂದು ಸುಮ್ನೆ ಭರವಸೆ ಕೊಡುವುದಿಲ್ಲ. ಅಲ್ಲಿ ಹುಡುಕಾಟ ಸೂಚಿಯ ಮೂಲಕವೇ. ಪ್ರೀ-ಬಿಡ್ ಸ್ಪಷ್ಟೀಕರಣದಲ್ಲಿ ಇಲಾಖೆಯೂ ಹೀಗೇ ಹೇಳಿರುವುದರಿಂದ ಇದನ್ನು ನಮ್ಮ ಷರತ್ತು ಎಂದು ಪರಿಗಣಿಸಬಾರದು.

ಪರಿಶೀಲನೆ ಮತ್ತು ಸುರಕ್ಷತೆ

ಇಬ್ಬರು ಪರಿಶೀಲಕರು ಪ್ರತಿ ಪುಟವನ್ನೂ ತೆರೆಯ ಮೇಲೆ ನೋಡುತ್ತಾರೆ. ಬೆರಳು ಕಂಡರೆ, ಅಂಚು ಕತ್ತರಿಸಿದ್ದರೆ, ಮಸುಕಾಗಿದ್ದರೆ ಮತ್ತೆ ಸ್ಕ್ಯಾನ್. ಚೀಟಿಯ ಪುಟಸಂಖ್ಯೆಗೂ ಚಿತ್ರಗಳ ಸಂಖ್ಯೆಗೂ ಒಂದು ಪುಟದ ವ್ಯತ್ಯಾಸ ಬಂದರೂ ಕಟ್ಟನ್ನು ಮರಳಿ ಕಟ್ಟುವುದಿಲ್ಲ. ನಂತರ ನಿಮ್ಮ ಸಿಬ್ಬಂದಿ ಪ್ರತಿ ಬ್ಯಾಚಿನಿಂದ 5% ಪುಟಗಳನ್ನು ತಾವೇ ಆರಿಸಿ ನೋಡಬಹುದು. ಆರಿಸಿದ್ದರಲ್ಲಿ 1%ಗಿಂತ ಜಾಸ್ತಿ ತಪ್ಪು ಸಿಕ್ಕರೆ ಇಡೀ ಬ್ಯಾಚನ್ನು ನಮ್ಮ ಖರ್ಚಿನಲ್ಲೇ ಮತ್ತೆ ಮಾಡುತ್ತೇವೆ.

ಎಲ್ಲ ಕೆಲಸವೂ ನಿಮ್ಮ ಕಟ್ಟಡದೊಳಗೇ. ನಮ್ಮ ಕಂಪ್ಯೂಟರ್‌ಗಳಿಗೆ ಇಂಟರ್‌ನೆಟ್ ಇರುವುದಿಲ್ಲ, ಯುಎಸ್‌ಬಿ ಕಿಂಡಿ ಮುಚ್ಚಿರುತ್ತದೆ. ಮೊಬೈಲ್ ಹೊರಗಿನ ಲಾಕರ್‌ನಲ್ಲಿ. ಮೂರು ಪ್ರತಿ ಕೊಡುತ್ತೇವೆ: ಎರಡು ಬೇರೆಬೇರೆ ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಕಟ್ಟಡದಲ್ಲಿ ಇಡಲು. ಪ್ರತಿ ಫೈಲಿನ SHA-256 ಮೊತ್ತದ ಪಟ್ಟಿಯೂ ಜೊತೆಗಿರುತ್ತದೆ. ಮುಂದೆ ಯಾವಾಗ ಬೇಕಾದರೂ ಫೈಲು ಬದಲಾಗಿದೆಯೇ ಎಂದು ಅದರಿಂದ ತಾಳೆ ನೋಡಬಹುದು.

ಸಿಬ್ಬಂದಿ, ಸಮಯ

ಮೇಲ್ವಿಚಾರಕರು 1, ಕಟ್ಟು ಸಿದ್ಧಮಾಡುವವರು 4, ಆಪರೇಟರ್ 4, ಪರಿಶೀಲಕರು 2, ಸೂಚಿಗೆ 4, ಸಿಸ್ಟಮ್ ನೋಡಿಕೊಳ್ಳುವವರು 1. ಒಟ್ಟು 16 ಜನ. ಅನುಭವ ಪತ್ರಗಳು ಅನುಬಂಧದಲ್ಲಿವೆ.

ಒಂದು ಸ್ಕ್ಯಾನರ್‌ಗೆ ದಿನಕ್ಕೆ 2,000 ಪುಟದಂತೆ ನಾಲ್ಕರಲ್ಲಿ 8,000 ಪುಟ. ಹಾಗಾಗಿ ಸ್ಕ್ಯಾನಿಂಗ್‌ಗೆ 120 ಕೆಲಸದ ದಿನ ಬೇಕು. ಅದಕ್ಕೂ ಮೊದಲು 15 ದಿನ ಜೋಡಣೆ ಮತ್ತು 50 ಕಟ್ಟುಗಳ ಮಾದರಿ ಕೆಲಸ. ಕೊನೆಗೆ 21 ದಿನ ತಿದ್ದುಪಡಿ, ತರಬೇತಿ, ಹಸ್ತಾಂತರ. ಒಟ್ಟು 156 ದಿನ. ಐದನೇ ಸ್ಕ್ಯಾನರ್ ಸ್ಥಳದಲ್ಲೇ ಬಿಡಿಯಾಗಿ ಇರುತ್ತದೆ, ಯಂತ್ರ ಕೆಟ್ಟಿತು ಎಂಬ ಕಾರಣ ಕೊಟ್ಟು ಅವಧಿ ವಿಸ್ತರಣೆ ಕೇಳುವುದಿಲ್ಲ. ಇಲಾಖೆಯಿಂದ ನಮಗೆ ಬೇಕಾದ್ದು ಬೀಗವಿರುವ ಒಂದು ಕೋಣೆ, ವಿದ್ಯುತ್, ಮತ್ತು ದಿನಕ್ಕೆ ಕನಿಷ್ಠ 27 ಕಟ್ಟು.

ಲಕೋಟೆ 2: ಆರ್ಥಿಕ ಪ್ರಸ್ತಾವನೆ

| ಬಾಬ್ತು | ಪ್ರಮಾಣ | ದರ (ರೂ.) | ಮೊತ್ತ (ರೂ.) |
|---|---|---|---|
| ಸಿದ್ಧತೆ, ಸ್ಕ್ಯಾನಿಂಗ್, ಪರಿಶೀಲನೆ | 9,60,000 ಪುಟ | 1.60 | 15,36,000 |
| ಸೂಚಿ | 38,400 ಕಡತ | 9.00 | 3,45,600 |
| ಮರುಕಟ್ಟು | 3,200 ಕಟ್ಟು | 45.00 | 1,44,000 |
| ಮೂರು ಪ್ರತಿ, ಮಾಧ್ಯಮ ಸಹಿತ | ಇಡಿಯಾಗಿ | | 1,80,000 |
| ತರಬೇತಿ, ಒಂದು ವರ್ಷದ ಬೆಂಬಲ | ಇಡಿಯಾಗಿ | | 90,000 |
| ಒಟ್ಟು | | | 22,95,600 |
| ತೆರಿಗೆ 18% | | | 4,13,208 |
| ತೆರಿಗೆ ಸೇರಿ | | | 27,08,808 |

ಅಕ್ಷರದಲ್ಲಿ: ಇಪ್ಪತ್ತೇಳು ಲಕ್ಷದ ಎಂಟು ಸಾವಿರದ ಎಂಟುನೂರ ಎಂಟು ರೂಪಾಯಿ ಮಾತ್ರ.

ಮರುಕಟ್ಟನ್ನು ಬೇರೆ ಬಾಬ್ತಾಗಿ ತೋರಿಸಿದ್ದು ಬೇಕೆಂದೇ. ಪುಟದ ದರದೊಳಗೆ ಸೇರಿಸಿದರೆ ಆ ಕೆಲಸ ಕಣ್ಣಿಗೆ ಬೀಳುವುದಿಲ್ಲ, ಕೊನೆಗೆ ಯಾರೂ ಮಾಡುವುದೂ ಇಲ್ಲ.

ಪುಟ, ಕಡತ, ಕಟ್ಟುಗಳಿಗೆ ಒಪ್ಪಿಗೆಯಾದ ಸಂಖ್ಯೆಯಷ್ಟಕ್ಕೇ ಬಿಲ್ ಮಾಡುತ್ತೇವೆ. ಪ್ರಮಾಣ 10% ಹೆಚ್ಚಾದರೂ ಕಡಿಮೆಯಾದರೂ ಇದೇ ದರ. ಮರುಸ್ಕ್ಯಾನ್‌ಗೆ ಹಣವಿಲ್ಲ. ಮುಂಗಡ ಕೇಳುವುದಿಲ್ಲ, ಪ್ರತಿ ತಿಂಗಳು ಒಪ್ಪಿಗೆಯಾದ ಕೆಲಸದ 90% ಕೊಡಿ, ಉಳಿದ 10% ಹಸ್ತಾಂತರದ ನಂತರ. ಕೆಲಸದ ಆದೇಶ ಬಂದ 15 ದಿನದೊಳಗೆ ಒಪ್ಪಂದ ಮೊತ್ತದ 5% ಭದ್ರತಾ ಠೇವಣಿ ಕಟ್ಟುತ್ತೇವೆ. ವಿಳಂಬವಾದರೆ ಟೆಂಡರ್‌ನಲ್ಲಿರುವ ದಂಡಕ್ಕೆ ಒಪ್ಪಿಗೆಯಿದೆ. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಕಂಡರೆ ಅಕ್ಷರದ ಮೊತ್ತವೇ ಅಂತಿಮ.

ಇಂತಿ ತಮ್ಮ ವಿಶ್ವಾಸಿ,
ಬಿಡ್‌ದಾರ ಸಂಸ್ಥೆಯ ಅಧಿಕೃತ ಸಹಿದಾರರು
(ಅಧಿಕಾರ ಪತ್ರ ಲಕೋಟೆ 1ರಲ್ಲಿ ಲಗತ್ತಿಸಿದೆ)