ಇಬ್ಬರು ವೈದ್ಯರ ಕ್ಲಿನಿಕ್‌ಗೆ ಕಾರ್ಯನಿರ್ವಹಣಾ ಯೋಜನೆ

ವ್ಯಾಪ್ತಿ: ಸಾಮಾನ್ಯ ರೋಗ ಚಿಕಿತ್ಸೆ, ಲಸಿಕೆ, ಡ್ರೆಸ್ಸಿಂಗ್, ಸಣ್ಣ ಪುಟ್ಟ ಹೊಲಿಗೆ, ಸರಳ ರಕ್ತ ಪರೀಕ್ಷೆ. ರಾತ್ರಿ ದಾಖಲಾತಿ, ಹೆರಿಗೆ, ಅರಿವಳಿಕೆ ಬೇಕಾಗುವ ಶಸ್ತ್ರಚಿಕಿತ್ಸೆ ಇಲ್ಲಿಲ್ಲ. ವಾರಕ್ಕೆ ಆರು ದಿನ, ಬೆಳಿಗ್ಗೆ 9ರಿಂದ 1, ಸಂಜೆ 5ರಿಂದ 8.

ದಿನಕ್ಕೆ ಎಷ್ಟು ಜನ

ಉಳಿದೆಲ್ಲ ನಿರ್ಧಾರಗಳೂ ಈ ಲೆಕ್ಕದ ಮೇಲೆ ನಿಂತಿರುವುದರಿಂದ ಇದನ್ನೇ ಮೊದಲು ಬರೆದಿದೆ.

ಬೆಳಿಗ್ಗೆ ಇಬ್ಬರು ವೈದ್ಯರು, ತಲಾ 240 ನಿಮಿಷ. ಫೋನ್, ಕೈ ತೊಳೆಯುವುದು, ನಡುವೆ ಬರುವ ತುರ್ತು ಇವುಗಳಿಗೆ ಶೇ. 15 ಕಳೆದರೆ ಇಬ್ಬರಿಗೂ ಸೇರಿ ಉಳಿಯುವುದು 408 ನಿಮಿಷ. ಒಂದು ಪೂರ್ಣ ತಪಾಸಣೆಗೆ, ಚೀಟಿ ಬರೆಯುವುದೂ ಸೇರಿ, 9 ನಿಮಿಷ. ಹೀಗೆ ಭಾಗಿಸಿದರೆ 45 ಜನ ಎಂದು ಕಾಣುತ್ತದೆ. ಆದರೆ ಆ ಸಂಖ್ಯೆಯನ್ನು ನಂಬಬಾರದು. 'ರಿಪೋರ್ಟ್ ತೋರಿಸಿ ಹೋಗ್ತೀನಿ' ಎಂದು ಬಾಗಿಲಲ್ಲಿ ನಿಲ್ಲುವವರು ಟೋಕನ್ ಪುಸ್ತಕದಲ್ಲಿ ಇರುವುದಿಲ್ಲ, ವೈದ್ಯರ ಸಮಯದಲ್ಲಿ ಮಾತ್ರ ಇರುತ್ತಾರೆ. ಬೆಳಿಗ್ಗೆ ಇಂಥವರು 12 ಜನ, ತಲಾ 4 ನಿಮಿಷ ಎಂದರೆ 48 ನಿಮಿಷ. ಅದನ್ನೂ ಕಳೆದರೆ ಪೂರ್ಣ ತಪಾಸಣೆ 40.

ಸಂಜೆ ಒಬ್ಬರೇ ವೈದ್ಯರು. 180 ನಿಮಿಷದಲ್ಲಿ ಬಳಕೆಗೆ ಸಿಗುವುದು 153. ರಿಪೋರ್ಟ್‌ನ 6 ಜನರಿಗೆ 24 ನಿಮಿಷ ಹೋಗಿ, ಪೂರ್ಣ ತಪಾಸಣೆ 14.

ಹಂಚಿಕೆ ಹೀಗಿರಲಿ. ಬೆಳಿಗ್ಗೆ 24 ಮುಂಗಡ ಹೆಸರು, 12 ಟೋಕನ್, 4 ಖಾಲಿ. ಸಂಜೆ 8, 4, 2. ಖಾಲಿ ಬಿಟ್ಟ ಜಾಗ ತುರ್ತಿಗೆ ಮೀಸಲು. ಬೆಳಿಗ್ಗೆಯದನ್ನು 12 ಗಂಟೆಗೆ ಮುಂಚೆ, ಸಂಜೆಯದನ್ನು 7ಕ್ಕೆ ಮುಂಚೆ ಯಾರ ಶಿಫಾರಸಿಗೂ ಕೊಡಬಾರದು. ರಿಪೋರ್ಟ್ ತೋರಿಸುವವರಿಗೆ ಬೇರೆ ಬಣ್ಣದ ಟೋಕನ್. ಬೆಳಿಗ್ಗೆ ಪ್ರತಿ ಮೂರು ತಪಾಸಣೆಗೆ, ಸಂಜೆ ಪ್ರತಿ ಎರಡಕ್ಕೆ ಒಬ್ಬರಂತೆ ಒಳಗೆ ಬಿಡಬೇಕು.

ಹಾಸಿಗೆಯ ಮಿತಿ ಇದಕ್ಕಿಂತ ಬಿಗಿ. ಎರಡು ವೀಕ್ಷಣಾ ಹಾಸಿಗೆಗಳಿವೆ. ಒಂದು ಡ್ರಿಪ್‌ಗೆ 90 ನಿಮಿಷ, ಶೀಟು ಬದಲಿಸಿ ಒರೆಸಲು 10. ಬೆಳಿಗ್ಗೆ ಒಂದು ಹಾಸಿಗೆಗೆ ಇಬ್ಬರು, ಒಟ್ಟು ನಾಲ್ವರು. ಸಂಜೆ 180 ನಿಮಿಷದಲ್ಲಿ ಎರಡು ಸುತ್ತು ಹಿಡಿಸುವುದಿಲ್ಲ, ಆದ್ದರಿಂದ ಇಬ್ಬರೇ. 11:30ರ ನಂತರ, ಸಂಜೆ 6:30ರ ನಂತರ ಹೊಸ ಡ್ರಿಪ್ ಶುರು ಮಾಡುವಂತಿಲ್ಲ. ಆ ಹೊತ್ತಿನಲ್ಲಿ ಡ್ರಿಪ್ ಬೇಕೇಬೇಕು ಎನ್ನುವಷ್ಟು ಸುಸ್ತಾದ ರೋಗಿಗೆ ಬೇಕಿರುವುದು ದೊಡ್ಡ ಆಸ್ಪತ್ರೆ. ಬಾಟಲಿ ಅರ್ಧವಾಗಿರುವಾಗ ಬಾಗಿಲು ಹಾಕುವ ಗಡಿಬಿಡಿಯಿಂದ ಹನಿ ಜೋರಾಗಿ ಬಿಡುವುದು ವಯಸ್ಸಾದವರಿಗೂ ಹೃದಯ ರೋಗಿಗಳಿಗೂ ಅಪಾಯ.

ಕುರ್ಚಿಗಳು 26. ಬೆಳಿಗ್ಗೆ ಗಂಟೆಗೆ 13 ಜನ ಬರುತ್ತಾರೆ, ಮೊದಲ ಗಂಟೆಯಲ್ಲಿ ಅದರ ಒಂದೂವರೆ ಪಟ್ಟು. ಸರಾಸರಿ 40 ನಿಮಿಷ ಕಾಯುವರೆಂದರೆ ಏಕಕಾಲಕ್ಕೆ 13 ರೋಗಿಗಳು, ಜೊತೆಗೆ ತಲಾ ಒಬ್ಬರು.

ಸಿಬ್ಬಂದಿ

ವೈದ್ಯರು 2, ನರ್ಸ್ 4, ಫಾರ್ಮಸಿಸ್ಟ್ 1, ಲ್ಯಾಬ್ ಟೆಕ್ನಿಷಿಯನ್ 1, ಕೌಂಟರ್‌ಗೆ 2, ಸ್ವಚ್ಛತೆಗೆ 2.

ಪಾಳಿಗೆ ಇಬ್ಬರು ನರ್ಸ್. ಒಬ್ಬರು ತೂಕ, ಬಿ.ಪಿ., ಜ್ವರ, ಆಮ್ಲಜನಕ ಮಟ್ಟ ನೋಡಿ ಚೀಟಿಯಲ್ಲಿ ಬರೆಯುತ್ತಾರೆ. ತಲಾ 4 ನಿಮಿಷದಂತೆ 40 ಜನಕ್ಕೆ 160 ನಿಮಿಷ ಬೇಕು, ಅಷ್ಟು ಸಮಯ ಇದೆ. ಇನ್ನೊಬ್ಬರಿಗೆ ಡ್ರೆಸ್ಸಿಂಗ್, ಇಂಜೆಕ್ಷನ್, ಹಾಸಿಗೆ. ಇವರನ್ನು ಕೌಂಟರ್‌ಗೆ ಕರೆಯಬಾರದು. ಡ್ರಿಪ್ ಹಾಕಿದ ರೋಗಿ ಕಣ್ಣಿಗೆ ಕಾಣುವಂತಿರಬೇಕು.

ಒಬ್ಬ ನರ್ಸ್ ಬಾರದಿದ್ದರೆ ಇನ್ನೊಂದು ಪಾಳಿಯವರನ್ನು ಕೇಳಬೇಕು. ಅವರೂ ಸಿಗದಿದ್ದರೆ ಆ ಪಾಳಿಯಲ್ಲಿ ಹಾಸಿಗೆ, ಹೊಲಿಗೆ, ಲಸಿಕೆ ಮೂರೂ ಬಂದ್, ತಪಾಸಣೆ ಮಾತ್ರ. ಬೆಳಿಗ್ಗೆ ಒಬ್ಬರೇ ವೈದ್ಯರಾದರೆ ಟೋಕನ್ ಕೊಡದೆ ಮುಂಗಡ ಹೆಸರುಗಳನ್ನಷ್ಟೇ ನೋಡುವುದು. ಹಾಗೆ ಮಾಡಿದರೂ 24 ಹಿಡಿಸುವುದಿಲ್ಲ, ಕೊನೆಯ ಏಳೆಂಟು ಜನರಿಗೆ 8:30ಕ್ಕೇ ಫೋನ್ ಮಾಡಿ ಸಂಜೆಗೋ ಮರುದಿನಕ್ಕೋ ಬದಲಿಸಬೇಕು.

ರೋಗಿ ಬರುವ ದಾರಿ

ಕೌಂಟರ್, ನರ್ಸ್, ವೈದ್ಯರು, ಬೇಕಿದ್ದರೆ ಲ್ಯಾಬ್ ಅಥವಾ ಡ್ರೆಸ್ಸಿಂಗ್, ಔಷಧಿ, ಹೊರಗೆ. ಹಣ ಕಟ್ಟುವುದು ಒಮ್ಮೆ ಮಾತ್ರ, ಕೊನೆಯಲ್ಲಿ. ಎರಡು ಸಲ ಕೌಂಟರ್‌ಗೆ ಕಳಿಸಿದರೆ ಎರಡು ಸಾಲುಗಳು ಅಡ್ಡಡ್ಡ ಸಿಕ್ಕಿಕೊಳ್ಳುತ್ತವೆ.

ಹೆಸರು ಕೂಗಿದ ಮೇಲೆ ವಯಸ್ಸನ್ನೂ ಕೇಳಬೇಕು. ಒಂದೇ ಹೆಸರಿನ ಇಬ್ಬರು ಕುಳಿತಿರುವುದು ಅಪರೂಪವಲ್ಲ. ಅಲರ್ಜಿ ಇದ್ದರೆ ಚೀಟಿಯ ಮೇಲ್ತುದಿಯಲ್ಲಿ ಕೆಂಪು ಶಾಯಿ. ಕೆಮ್ಮು ಜ್ವರದವರಿಗೆ ಮಾಸ್ಕ್ ಕೊಟ್ಟು ಕಿಟಕಿ ಪಕ್ಕದ ಆರು ಕುರ್ಚಿಗಳಲ್ಲಿ ಕೂರಿಸುವುದು.

ಎದೆನೋವು, ಏದುಸಿರು, ಎಚ್ಚರ ತಪ್ಪುವುದು, ಫಿಟ್ಸ್, ಮುಖ ಸೊಟ್ಟಗಾಗುವುದು ಅಥವಾ ಮಾತು ತೊದಲುವುದು, ನಿಲ್ಲದ ರಕ್ತ, ಹಾಲು ಕುಡಿಯದೆ ಮಂಕಾದ ಮಗು: ಇವರಿಗೆ ಟೋಕನ್ ಇಲ್ಲ, ನೇರ ಒಳಗೆ. ಈ ಪಟ್ಟಿ ಕೌಂಟರ್‌ನ ಒಳಬದಿಗೆ ಅಂಟಿಸಿರುತ್ತದೆ.

ಲಸಿಕೆ ಪಡೆದವರು 30 ನಿಮಿಷ ಕೂತು ಹೋಗಬೇಕು. ಹೊರಡುವ ಸಮಯವನ್ನು ಕಾರ್ಡಿನ ಮೇಲೆ ಬರೆದುಕೊಟ್ಟರೆ ತಕರಾರು ಕಡಿಮೆ.

ಟೋಕನ್ ಮುಗಿದ ಮೇಲೆ ಬಂದವರನ್ನು ಬಾಗಿಲಿಂದಲೇ ಕಳಿಸುವಂತಿಲ್ಲ. ನರ್ಸ್ ಎರಡು ನಿಮಿಷ ನೋಡಬೇಕು. ತುರ್ತಲ್ಲದಿದ್ದರೆ ಕೌಂಟರ್‌ನವರು ಹೇಳಬೇಕಾದದ್ದು ಇಷ್ಟು: 'ಇವತ್ತಿನ ಟೋಕನ್ ಮುಗಿದಿದೆ. ಸಿಸ್ಟರ್ ನೋಡಿದ್ದಾರೆ, ನಾಳೆವರೆಗೆ ಕಾಯಬಹುದು ಅಂದಿದ್ದಾರೆ. ನಾಳೆ 9:30ಕ್ಕೆ ಹೆಸರು ಬರ್ಕೊಳ್ಳಲಾ? ಅಷ್ಟರಲ್ಲಿ ಜಾಸ್ತಿಯಾದರೆ ಕಾಯಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ.'

ಉಪಕರಣ

ಬಿ.ಪಿ. ಯಂತ್ರ 3, ದೊಡ್ಡವರ, ಮಕ್ಕಳ, ದಪ್ಪ ತೋಳಿನ ಪಟ್ಟಿಗಳೊಂದಿಗೆ. ಸಣ್ಣ ಪಟ್ಟಿಯನ್ನು ದಪ್ಪ ತೋಳಿಗೆ ಸುತ್ತಿದರೆ ಬಿ.ಪಿ. ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಬೇಡದ ಮಾತ್ರೆ ಶುರುವಾಗುತ್ತದೆ. ಪಲ್ಸ್ ಆಕ್ಸಿಮೀಟರ್ 3, ಗ್ಲುಕೋಮೀಟರ್ 2, ನೆಬ್ಯುಲೈಸರ್ 2, ಇ.ಸಿ.ಜಿ., ಸಕ್ಷನ್ ಯಂತ್ರ, ಎ.ಇ.ಡಿ. ತಲಾ 1.

ಆಮ್ಲಜನಕ: 1,500 ಲೀಟರಿನ ಸಿಲಿಂಡರ್ 2. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ತುಂಬಿದ್ದು ಎರಡೂವರೆ ಗಂಟೆ ಬರುತ್ತದೆ. ಮುಳ್ಳು ಕಾಲು ಭಾಗಕ್ಕೆ ಇಳಿದ ದಿನವೇ ಬದಲಿಸಬೇಕು. ತೆರೆಯುವ ಕೀಲಿಯನ್ನು ಸರಪಳಿಯಿಂದ ಸಿಲಿಂಡರ್‌ಗೇ ಕಟ್ಟಿಡಿ. ಆಮ್ಲಜನಕವಿದ್ದೂ ಕೊಡಲಾಗದಿರುವುದು ಹೆಚ್ಚಾಗಿ ಕೀಲಿ ಕಳೆದದ್ದರಿಂದ.

ತುರ್ತು ಟ್ರಾಲಿಯ ಮೇಲಿನ ಖಾನೆಯಲ್ಲಿ ಅಡ್ರಿನಲಿನ್ (1 ಮಿ.ಲೀ.ಗೆ 1 ಮಿ.ಗ್ರಾಂ) 5 ಆಂಪೂಲ್, ಸಿರಿಂಜ್ ಮತ್ತು ಸೂಜಿ ಜೊತೆಯಲ್ಲೇ. ಮುಚ್ಚಳದ ಮೇಲೆ ಬರೆದಿರಲಿ: 'ತೀವ್ರ ಅಲರ್ಜಿ, ದೊಡ್ಡವರಿಗೆ 0.5 ಮಿ.ಲೀ., ತೊಡೆಯ ಹೊರಭಾಗದ ಸ್ನಾಯುವಿಗೆ'. ಟ್ರಾಲಿಗೆ ಬೀಗ ಬೇಡ, ಹರಿಯುವ ಪ್ಲಾಸ್ಟಿಕ್ ಸೀಲ್ ಸಾಕು. ಸೀಲ್ ಹರಿದಿದ್ದರೆ ಅದೇ ದಿನ ಎಣಿಕೆ.

ಲಸಿಕೆ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್. ಬೆಳಿಗ್ಗೆ, ಸಂಜೆ ಓದಿ ಬರೆದು ಸಹಿ ಹಾಕಬೇಕು. ಬಾಗಿಲಿನ ಖಾನೆಯಲ್ಲಿ ಲಸಿಕೆ ಇಡಬಾರದು, ಊಟದ ಡಬ್ಬಿ ಒಳಗೆ ಬರಲೇಬಾರದು. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ತಾಪಮಾನ ಮಿತಿ ಮೀರಿದ್ದರೆ ಎಸೆಯಲೂ ಬೇಡಿ, ಬಳಸಲೂ ಬೇಡಿ. 'ತಡೆಹಿಡಿದಿದೆ' ಎಂದು ಚೀಟಿ ಅಂಟಿಸಿ, ಫ್ರಿಜ್‌ನಲ್ಲೇ ಬೇರೆ ಇಟ್ಟು, ಪೂರೈಸಿದವರನ್ನು ಕೇಳಿ. ಹೆಪ್ಪುಗಟ್ಟಿ ಕರಗಿದ ಕೆಲವು ಲಸಿಕೆಗಳು ನೋಡಲು ಸರಿಯಾಗಿಯೇ ಇದ್ದು, ಒಳಗೆ ಕೆಟ್ಟಿರುತ್ತವೆ.

ಆಟೋಕ್ಲೇವ್: ಡ್ರೆಸ್ಸಿಂಗ್ ಸೆಟ್ 20, ಒಂದು ಸುತ್ತಿಗೆ 10. ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 3ಕ್ಕೆ. ಬಟ್ಟೆ ಸುತ್ತಿದ ಸೆಟ್‌ಗೆ 121 ಡಿಗ್ರಿಯಲ್ಲಿ 30 ನಿಮಿಷ. ಈ ಎಣಿಕೆ ಸ್ವಿಚ್ ಹಾಕಿದಾಗಿನಿಂದಲ್ಲ, ತಾಪಮಾನ ಮುಟ್ಟಿದ ಮೇಲೆ. ಒತ್ತೊತ್ತಾಗಿ ತುಂಬಿದರೆ ಹಬೆ ನಡುವಿಗೆ ಹೋಗುವುದಿಲ್ಲ. ಟೇಪಿನ ಗೆರೆ ಕಪ್ಪಾದರೆ ಪೊಟ್ಟಣಕ್ಕೆ ಬಿಸಿ ತಗುಲಿದೆ ಎಂದಷ್ಟೇ ಅರ್ಥ, ಒಳಗಿನದು ಶುದ್ಧವಾಯಿತೆಂದಲ್ಲ. ಒದ್ದೆಯಾಗಿ ಹೊರಬಂದ ಪೊಟ್ಟಣ ಮತ್ತೆ ಒಳಗೆ.

ಸೂಜಿಗೆ ಮುಚ್ಚಳ ಹಾಕದೆ, ಚುಚ್ಚಿದ ಜಾಗದಲ್ಲೇ ಇರುವ ಗಟ್ಟಿ ಡಬ್ಬಿಗೆ. ಮುಕ್ಕಾಲು ತುಂಬಿದೊಡನೆ ಡಬ್ಬಿ ಮುಚ್ಚಿ ಬದಲಿಸಬೇಕು.

ಪರಿಶೀಲನೆ

ಪ್ರತಿ ಶನಿವಾರ ಸಂಜೆ ನಾಲ್ಕು ಅಂಕಿ ಮಾತ್ರ: ಸರಾಸರಿ ಕಾಯುವಿಕೆ, ಟೋಕನ್ ಸಿಗದೆ ಹೋದವರು, ಹಾಸಿಗೆ ಖಾಲಿಯಿಲ್ಲದೆ ಬೇರೆಡೆಗೆ ಕಳಿಸಿದವರು, ಫ್ರಿಜ್ ದಾಖಲೆಯಲ್ಲಿ ತಪ್ಪಿದ ಸಹಿ. ಕಾಯುವಿಕೆ ಎರಡು ವಾರ ಸತತ 60 ನಿಮಿಷ ದಾಟಿದರೆ ಸಂಜೆಗೂ ಎರಡನೇ ವೈದ್ಯರನ್ನು ಕರೆಯುವ ಮಾತು ಬರುತ್ತದೆ. ಅದಕ್ಕೂ ಮುಂಚೆ ರಿಪೋರ್ಟ್ ಟೋಕನ್‌ಗಳ ಲೆಕ್ಕ ನೋಡಬೇಕು. ಬೆಳಿಗ್ಗೆ ಅವು 12 ದಾಟಿ 20 ಆಗಿದ್ದರೆ, ಮಾಮೂಲಿ ರಿಪೋರ್ಟ್‌ಗಳನ್ನು ಮಧ್ಯಾಹ್ನ 1ರಿಂದ 1:30ರವರೆಗೆ ಫೋನಿನಲ್ಲೇ ತಿಳಿಸುವ ವ್ಯವಸ್ಥೆ ಸಾಕಾಗಬಹುದು.