ಹಾವು ಕಚ್ಚಿತಾ? ಬೇರೆಲ್ಲೂ ಹೋಗಬೇಡಿ, ನೇರ ಇಲ್ಲಿಗೆ ಬನ್ನಿ

ಪ್ರಾಥಮಿಕ ಆರೋಗ್ಯ ಕೇಂದ್ರ, ಶಿರಸಿ ತಾಲೂಕು
ಆಂಬುಲೆನ್ಸ್: 108 (ಹಗಲು, ರಾತ್ರಿ ಯಾವಾಗಲೂ)

ಹಾವಿನ ವಿಷ ಇಳಿಸುವ ಮದ್ದು ಒಂದೇ. ಅದು ಎಎಸ್‌ವಿ ಇಂಜೆಕ್ಷನ್. ನಮ್ಮಲ್ಲಿ ಇದೆ, ಪೂರ್ತಿ ಉಚಿತ. ರಾತ್ರಿ ಎರಡು ಗಂಟೆಗೂ ಬಾಗಿಲು ಬಡಿಯಿರಿ.

ಮನೆಯಲ್ಲಿ, ತೋಟದಲ್ಲಿ ಮಾಡಬೇಕಾದ್ದು

ಕಚ್ಚಿಸಿಕೊಂಡವರನ್ನು ಹಾವಿನಿಂದ ದೂರ ಕರೆತಂದು ಕೂರಿಸಿ ಅಥವಾ ಮಲಗಿಸಿ. ಓಡಿಸಬೇಡಿ, ನಡೆಸಬೇಡಿ. ಕೈಕಾಲು ಆಡಿಸಿದಷ್ಟೂ ವಿಷ ಬೇಗ ಮೈಗೆ ಹರಡುತ್ತದೆ.

ಉಂಗುರ, ಬಳೆ, ಗೆಜ್ಜೆ, ಕಾಲುಂಗುರ, ವಾಚ್ ಕೂಡಲೇ ತೆಗೆಯಿರಿ. ಬಾವು ಬಂದ ಮೇಲೆ ತೆಗೆಯಲು ಆಗುವುದಿಲ್ಲ.

ಕಚ್ಚಿದ ಕೈ ಅಥವಾ ಕಾಲು ಅಲುಗಾಡದ ಹಾಗೆ ನೋಡಿಕೊಳ್ಳಿ. ಅಡಿಕೆ ದಬ್ಬೆಯೋ ಹಲಗೆಯೋ ಇಟ್ಟು ಪಂಚೆಯಿಂದ ಸಡಿಲವಾಗಿ ಸುತ್ತಿ. ಸುತ್ತಿದ ಬಟ್ಟೆಯ ಕೆಳಗೆ ಬೆರಳು ಸಲೀಸಾಗಿ ಹೋಗಬೇಕು.

ಕಚ್ಚಿದ ಹೊತ್ತು ಎಷ್ಟು ಎಂದು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ವಾಂತಿ ಬಂದರೆ ಎಡ ಮಗ್ಗುಲಿಗೆ ತಿರುಗಿಸಿ. ಹತ್ತಿರ ಒಬ್ಬರು ಕೂತು ಧೈರ್ಯ ಹೇಳುತ್ತಿರಿ.

ಇವನ್ನು ಮಾಡಬೇಡಿ

ಬಿಗಿಯಾಗಿ ಹಗ್ಗ ಕಟ್ಟಬೇಡಿ. ಕಟ್ಟಿದರೆ ವಿಷ ಮೇಲೆ ಏರುವುದಿಲ್ಲ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆದರೆ ಆಗುವುದು ಬೇರೆ. ರಕ್ತ ಓಡದೆ ಕಾಲೇ ಕೊಳೆಯಬಹುದು. ಈಗಾಗಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ. ಒಮ್ಮೆಲೇ ಬಿಚ್ಚಿದರೆ ತಡೆದಿದ್ದ ವಿಷ ಒಟ್ಟಿಗೆ ನುಗ್ಗುತ್ತದೆ. ಮದ್ದು ತಯಾರಿಟ್ಟುಕೊಂಡು ನಾವೇ ಬಿಚ್ಚುತ್ತೇವೆ.

ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಸುಡಬೇಡಿ, ಐಸ್ ಇಡಬೇಡಿ. ಮಂಡಲದ ಹಾವು ಕಚ್ಚಿದವರ ರಕ್ತ ಹೆಪ್ಪುಗಟ್ಟುವುದಿಲ್ಲ. ಕೊಯ್ದ ಗಾಯದಿಂದ ರಕ್ತ ಸೋರುತ್ತಲೇ ಇರುತ್ತದೆ.

ಹಾವಿನ ಕಲ್ಲು ವಿಷ ಎಳೆಯುವುದಿಲ್ಲ. ಹಸಿ ಗಾಯದ ನೀರು ಹೀರಿಕೊಂಡು ಅಂಟಿ ಕೂರುತ್ತದೆ, ಅಷ್ಟೇ. ಒಳಗೆ ಹೋದ ವಿಷ ಒಳಗೇ ಇರುತ್ತದೆ.

ಮೆಣಸಿನಕಾಳು ಅಥವಾ ಬೇವಿನ ಸೊಪ್ಪು ತಿನ್ನಿಸಿ, "ಖಾರ ಗೊತ್ತಾಯಿತು, ವಿಷ ಏರಿಲ್ಲ" ಎಂದು ಮನೆಯಲ್ಲೇ ಉಳಿಯಬೇಡಿ. ರುಚಿಗೂ ವಿಷಕ್ಕೂ ಸಂಬಂಧವಿಲ್ಲ. ತುಪ್ಪ, ಕಷಾಯ, ಸಾರಾಯಿ ಯಾವುದನ್ನೂ ಕುಡಿಸಬೇಡಿ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕ್ಕೆ ಇಳಿಯುತ್ತದೆ.

ಹಾವನ್ನು ಹಿಡಿದು ತರಬೇಡಿ, ಕೊಂದೂ ತರಬೇಡಿ. ಸತ್ತಂತೆ ಕಾಣುವ ಹಾವೂ ಕಚ್ಚಬಲ್ಲದು. ದೂರದಿಂದ ಫೋಟೋ ಸಿಕ್ಕರೆ ಸಾಕು. ಸಿಗದಿದ್ದರೂ ಚಿಂತೆಯಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಎಎಸ್‌ವಿ. ರೋಗಿಯ ಲಕ್ಷಣ ನೋಡಿಯೇ ನಾವು ಚಿಕಿತ್ಸೆ ಕೊಡುತ್ತೇವೆ.

"ನಮ್ಮೂರಲ್ಲಿ ನಾಟಿ ಮದ್ದಿಗೆ ಗುಣವಾಗಿದೆಯಲ್ಲ?"

ಹಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಕಡೆ ಕಚ್ಚುವ ಎಷ್ಟೋ ಹಾವುಗಳಿಗೆ ವಿಷವೇ ಇಲ್ಲ. ಕೇರೆ, ನೀರೊಳ್ಳೆ ಕಚ್ಚಿದವರು ಏನೂ ಮಾಡದಿದ್ದರೂ ಬದುಕುತ್ತಾರೆ. ವಿಷದ ಹಾವು ಕೂಡ ಕೆಲವು ಸಲ ಕಚ್ಚುತ್ತದೆ, ವಿಷ ಬಿಡುವುದಿಲ್ಲ. ಇಂಥವರು ಸೊಪ್ಪಿನ ರಸ ಕುಡಿದು ಗುಣವಾದರೆ ಹೆಸರು ಮದ್ದಿಗೆ ಬರುತ್ತದೆ. ಆದರೆ ಮೈಗೆ ವಿಷ ಸೇರಿದವರು ಅಲ್ಲಿ ಕಳೆದ ಎರಡು ಮೂರು ತಾಸು ಮತ್ತೆ ಸಿಗುವುದಿಲ್ಲ. ಯಾವ ಕಡಿತದಲ್ಲಿ ಮೈಗೆ ವಿಷ ಸೇರಿದೆ ಎಂದು ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ, ನಮಗೂ ಆಗುವುದಿಲ್ಲ. ಅದಕ್ಕೇ ಲಕ್ಷಣ ಏನೂ ಇಲ್ಲದಿದ್ದರೂ 24 ತಾಸು ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತೇವೆ.

ನಾಗಬನಕ್ಕೆ ಹರಕೆ ಹೊತ್ತುಕೊಳ್ಳಿ, ನಾವು ಬೇಡ ಎನ್ನುವುದಿಲ್ಲ. ಗಾಡಿಯಲ್ಲಿ ಇಲ್ಲಿಗೆ ಬರುತ್ತಲೇ ಹೊತ್ತುಕೊಳ್ಳಿ. ನಾಟಿ ವೈದ್ಯರಲ್ಲೂ ಒಂದು ಕೋರಿಕೆ: ನಿಮ್ಮ ಮನೆಗೆ ಬಂದವರನ್ನು ಕೂಡಲೇ ನಮ್ಮಲ್ಲಿಗೆ ಕಳಿಸಿ. ಊರವರು ನಿಮ್ಮ ಮಾತು ಕೇಳುತ್ತಾರೆ.

ಕಟ್ಟುಹಾವಿನ ವಿಷಯ ಬೇರೆಯೇ

ಇದು ರಾತ್ರಿ, ನೆಲದ ಮೇಲೆ ಮಲಗಿದವರಿಗೆ ಕಚ್ಚುವುದು ಜಾಸ್ತಿ. ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಕಾಣದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಎತ್ತಲು ಆಗುವುದಿಲ್ಲ, ಮಾತು ತೊದಲುತ್ತದೆ, ಎಂಜಲು ನುಂಗಲು ಆಗುವುದಿಲ್ಲ. ಗ್ಯಾಸ್ ಎಂದುಕೊಂಡು ಮಾತ್ರೆ ನುಂಗಿಸಿ ಮಲಗಿಸಬೇಡಿ. ಹೀಗೆ ಕಂಡರೆ, ಹಾವು ನೋಡದಿದ್ದರೂ, ಎತ್ತಿಕೊಂಡು ಬನ್ನಿ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗಿದರೆ ಈ ಹಾವಿನಿಂದ ಬಹುಮಟ್ಟಿಗೆ ಪಾರಾಗಬಹುದು.

ಇಲ್ಲಿಗೆ ತರುವುದು ಹೇಗೆ

ಮೊದಲು 108ಕ್ಕೆ ಫೋನ್ ಮಾಡಿ. ಊರು, ಕ್ರಾಸ್, ಹತ್ತಿರದ ಶಾಲೆ ಅಥವಾ ದೇವಸ್ಥಾನದ ಹೆಸರು ಹೇಳಿ. ಒಳದಾರಿಯ ಮನೆಯಾದರೆ ಒಬ್ಬರು ಬ್ಯಾಟರಿ ಹಿಡಿದು ಮುಖ್ಯ ರಸ್ತೆಯಲ್ಲಿ ನಿಲ್ಲಲಿ. ನೆಟ್‌ವರ್ಕ್ ಸಿಗದಿದ್ದರೆ, ಆಂಬುಲೆನ್ಸ್ ತಡವಾದರೆ ಕಾಯುತ್ತಾ ಕೂರಬೇಡಿ. ಊರಿನ ಜೀಪು, ಕಾರು, ರಿಕ್ಷಾ ಯಾವುದಾದರೂ ಸರಿ. ಕಾಲುದಾರಿಯಿದ್ದರೆ ಕುರ್ಚಿಯಲ್ಲಿ ಕೂರಿಸಿ ಅಥವಾ ಕಂಬಳಿ ಜೋಲಿಯಲ್ಲಿ ಹೊತ್ತು ತನ್ನಿ. ಬೈಕ್ ಮಾತ್ರ ಇದ್ದರೆ ರೋಗಿಯನ್ನು ನಡುವೆ ಕೂರಿಸಿ, ಹಿಂದಿನವರು ಗಟ್ಟಿಯಾಗಿ ಹಿಡಿದುಕೊಳ್ಳಲಿ.

ಇಲ್ಲಿ ಏನು ಮಾಡುತ್ತೇವೆ

ಉಸಿರು, ನಾಡಿ, ರೆಪ್ಪೆ ನೋಡುತ್ತೇವೆ. ಸ್ವಲ್ಪ ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತೇವೆ. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ಸೇರಿದೆ ಎಂದರ್ಥ. "ಸುಮ್ನೆ ಕೂರಿಸಿದ್ದಾರೆ" ಎಂದು ಬೇಸರ ಮಾಡಿಕೊಳ್ಳಬೇಡಿ, ಆ 20 ನಿಮಿಷವೂ ಚಿಕಿತ್ಸೆಯ ಭಾಗವೇ. ಉಸಿರಿಗೆ ಅಥವಾ ರೆಪ್ಪೆಗೆ ತೊಂದರೆ ಕಂಡರೆ ಅದಕ್ಕೂ ಕಾಯುವುದಿಲ್ಲ.

ವಿಷದ ಲಕ್ಷಣ ಇದ್ದರೆ ಎಎಸ್‌ವಿಯನ್ನು ಡ್ರಿಪ್‌ನಲ್ಲಿ ಹಾಕುತ್ತೇವೆ, ಮೊದಲ ಸಲಕ್ಕೆ ಸಾಮಾನ್ಯವಾಗಿ 10 ವಯಲ್. ಮಕ್ಕಳಿಗೂ ಇಷ್ಟೇ ಬೇಕು. ಹಾವು ಮಗು ಎಂದು ಕಡಿಮೆ ವಿಷ ಬಿಡುವುದಿಲ್ಲ ಅಲ್ವಾ. ಬಸುರಿಯರಿಗೂ ಕೊಡಲೇಬೇಕು. ಕೆಲವರಿಗೆ ತುರಿಕೆ, ಚಳಿ, ಉಬ್ಬಸ ಬರಬಹುದು. ಅದಕ್ಕೆ ಬೇಕಾದ ಇಂಜೆಕ್ಷನ್ ಪಕ್ಕದಲ್ಲೇ ತಯಾರಿರುತ್ತದೆ.

ದೊಡ್ಡ ಆಸ್ಪತ್ರೆಗೆ ಕಳಿಸುವಾಗ

ರೆಪ್ಪೆ ಬೀಳುತ್ತಿದ್ದರೆ, ಉಸಿರು ಕಷ್ಟವಾದರೆ, ಕುತ್ತಿಗೆ ಎತ್ತಲು ಆಗದಿದ್ದರೆ, ವಸಡಿನಲ್ಲಿ ಅಥವಾ ಮೂತ್ರದಲ್ಲಿ ರಕ್ತ ಬಂದರೆ, ಮೂತ್ರ ಕಡಿಮೆಯಾದರೆ, ಮದ್ದು ಹಾಕಿದ ಮೇಲೂ ರಕ್ತ ಹೆಪ್ಪುಗಟ್ಟದಿದ್ದರೆ ಮುಂದಕ್ಕೆ ಕಳಿಸುತ್ತೇವೆ. ಕ್ರಮ ಹೀಗೆ:

1. ಮೊದಲ ಡೋಸ್ ಎಎಸ್‌ವಿ ಇಲ್ಲೇ ಶುರು. ಮದ್ದು ಕೊಡದೆ ಕಳಿಸುವುದಿಲ್ಲ.
2. ಶಿರಸಿಯ ಸರ್ಕಾರಿ ಆಸ್ಪತ್ರೆಗೆ ನಾವೇ ಫೋನ್ ಮಾಡಿ ಬೆಡ್ ಕೇಳುತ್ತೇವೆ. ವೆಂಟಿಲೇಟರ್ ಅಥವಾ ಡಯಾಲಿಸಿಸ್ ಅಲ್ಲಿ ಸಿಗದಿದ್ದರೆ ಹುಬ್ಬಳ್ಳಿ ಅಥವಾ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ.
3. 108ರಲ್ಲಿ ಆಕ್ಸಿಜನ್, ಉಸಿರು ಕೊಡುವ ಚೀಲ, ಜೊತೆಗೆ ತರಬೇತಿ ಇರುವ ಸಿಬ್ಬಂದಿ. ಡ್ರಿಪ್ ನಿಲ್ಲುವುದಿಲ್ಲ.
4. ಚೀಟಿಯಲ್ಲಿ ಕಚ್ಚಿದ ಸಮಯ, ಕೊಟ್ಟ ವಯಲ್ ಎಷ್ಟು, ಯಾವ ಹೊತ್ತಿಗೆ, ರಕ್ತ ಪರೀಕ್ಷೆಯ ಫಲ ಎಲ್ಲ ಇರುತ್ತದೆ. ಚೀಟಿ ಕಳೆಯಬೇಡಿ, ಅಲ್ಲಿನ ಡಾಕ್ಟರ ಕೈಗೇ ಕೊಡಿ.
5. ಮನೆಯವರು ಒಬ್ಬರು ಸಾಕು. ಆಧಾರ್, ರೇಷನ್ ಕಾರ್ಡ್ ಆಮೇಲೆ ತಂದರೂ ಆಗುತ್ತದೆ, ಅದಕ್ಕಾಗಿ ಮನೆಗೆ ತಿರುಗಿ ಹೋಗಬೇಡಿ.

ದಾರಿಯಲ್ಲಿ ರೋಗಿಗೆ ಸ್ವಲ್ಪ ಗೆಲುವಾಯಿತೆಂದು ವಾಪಸ್ ಕರೆದುಕೊಂಡು ಹೋಗಬೇಡಿ. ರೆಪ್ಪೆ ಎತ್ತಿದವರಿಗೂ ಮತ್ತೆ ಉಸಿರು ನಿಲ್ಲಬಹುದು.

2024ರಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಹೆಸರು, ಊರು ಕೇಳುವುದು ಅದಕ್ಕೇ. ಪೊಲೀಸ್ ಕೇಸ್ ಎಂದು ಹೆದರಬೇಡಿ.

ಮನೆಗೆ ಹೋದ ಮೇಲೆ ಎರಡು ವಾರದೊಳಗೆ ಜ್ವರ, ಗಂಟುನೋವು, ಮೈ ತುರಿಕೆ ಬಂದರೆ, ಅಥವಾ ಗಾಯ ಕಪ್ಪಾದರೆ, ಮೂತ್ರ ಕಡಿಮೆಯಾದರೆ ಮತ್ತೆ ಬಂದು ತೋರಿಸಿ. ಸಂಶಯವಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಥವಾ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.