ಔಷಧ ರೂಪಗಳು: ಪರೀಕ್ಷೆಯ ಹಿಂದಿನ ರಾತ್ರಿಗೆ ಸಾರಾಂಶ (ಡಿ.ಫಾರ್ಮ್, ಮಂಗಳೂರು)

ವರ್ಗೀಕರಣ: ಭೌತಿಕ ಸ್ಥಿತಿಯಂತೆ ಘನ, ಅರೆಘನ, ದ್ರವ, ಅನಿಲ. ಕೊಡುವ ಮಾರ್ಗದಂತೆ ಬಾಯಿ, ಚರ್ಮ, ಗುದದ್ವಾರ, ಇಂಜೆಕ್ಷನ್, ಶ್ವಾಸಮಾರ್ಗ. ಉತ್ತರದಲ್ಲಿ ಎರಡನ್ನೂ ಬರೆಯಿರಿ.

ಮಾತ್ರೆ: ಪ್ರಶ್ನೆ ಹೆಚ್ಚು ಬರುವುದು ಇಲ್ಲಿಂದಲೇ. ಡೋಸ್ ನಿಖರ, ಬೆಲೆ ಕಡಿಮೆ, ಬಾಳಿಕೆ ಹೆಚ್ಚು. ಪ್ರಜ್ಞೆಯಿಲ್ಲದವರಿಗೆ, ವಾಂತಿಯಾಗುವವರಿಗೆ ಒಗ್ಗದು; ಪರಿಣಾಮವೂ ನಿಧಾನ. ಲ್ಯಾಕ್ಟೋಸ್ ಗಾತ್ರ ತುಂಬುತ್ತದೆ, ಸ್ಟಾರ್ಚ್ ಪೇಸ್ಟ್ ಬಂಧಿಸುತ್ತದೆ, ಒಣ ಸ್ಟಾರ್ಚ್ ಮಾತ್ರೆಯನ್ನು ಒಡೆಯುತ್ತದೆ. ಒಂದೇ ಸ್ಟಾರ್ಚ್, ಎರಡು ಕೆಲಸ; ಇದನ್ನು ಬಿಡಬೇಡಿ. ಮೆಗ್ನೀಸಿಯಮ್ ಸ್ಟಿಯರೇಟ್ ಅಚ್ಚಿಗೆ ಅಂಟದಂತೆ ತಡೆಯುತ್ತದೆ, ಆದರೆ ನೀರನ್ನು ದೂರವಿಡುವುದರಿಂದ ಹೆಚ್ಚಾದರೆ ಮಾತ್ರೆ ತಡವಾಗಿ ಕರಗುತ್ತದೆ. ಎಂಟೆರಿಕ್ ಲೇಪನ ಜಠರದ ಆಮ್ಲದಲ್ಲಿ ಉಳಿದು ಕರುಳಿನಲ್ಲಿ ಕರಗುತ್ತದೆ, ಅರೆದು ಕೊಡಬಾರದು.

ಕ್ಯಾಪ್ಸೂಲ್: ಕಹಿ ಮುಚ್ಚುತ್ತದೆ. ಜೆಲಟಿನ್ ಕವಚ ತೇವಕ್ಕೆ ಮೆತ್ತಗಾಗುತ್ತದೆ, ಅತಿ ಒಣಗಿದರೆ ಬಿರಿಯುತ್ತದೆ. ನಮ್ಮ ಕರಾವಳಿಯ ಜೂನ್-ಜುಲೈ ನೆನೆದರೆ ಸಿಲಿಕಾ ಜೆಲ್ ಪೊಟ್ಟಣ ಏಕೆಂದು ಮರೆಯುವುದಿಲ್ಲ. ಎಫರ್ವೆಸೆಂಟ್ ಮಾತ್ರೆಗೂ ಇದೇ ಎಚ್ಚರ.

ದ್ರವ: ಮಕ್ಕಳಿಗೆ, ವೃದ್ಧರಿಗೆ ಸುಲಭ, ಆದರೆ ಚಮಚದ ಅಳತೆ ತಪ್ಪಬಹುದು, ಸೂಕ್ಷ್ಮಾಣು ಬೆಳೆಯಬಹುದು. ಸರಳ ಸಿರಪ್‌ನಲ್ಲಿ ತೂಕದ ಲೆಕ್ಕದಲ್ಲಿ ಸಕ್ಕರೆ ಶೇ. 66.7. ಸಸ್ಪೆನ್ಶನ್‌ನ ಗಸಿ ಕುಲುಕಿದಾಗ ಮತ್ತೆ ಹರಡಬೇಕು. ಎಮಲ್ಷನ್‌ನಲ್ಲಿ ಕ್ರೀಮಿಂಗ್ ಕುಲುಕಿದರೆ ಸರಿಹೋಗುತ್ತದೆ, ಕ್ರ್ಯಾಕಿಂಗ್ ಸರಿಹೋಗದು.

ಅರೆಘನ: ಮುಲಾಮು ಜಿಡ್ಡು, ಕ್ರೀಮ್ ತೊಳೆದರೆ ಹೋಗುತ್ತದೆ.

ಸಪೋಸಿಟರಿ: ದೇಹದ ಉಷ್ಣದಲ್ಲಿ ಕರಗಬೇಕು, ಸೆಕೆಗಾಲದಲ್ಲಿ ತಂಪಿನಲ್ಲಿಡಿ.

ಇಂಜೆಕ್ಷನ್: ವೇಗ, ಆದರೆ ನೋವು, ಕೊಟ್ಟ ಮೇಲೆ ಹಿಂದೆಗೆಯಲಾಗದು. ಸೂಕ್ಷ್ಮಾಣುರಹಿತ, ಪೈರೋಜನ್‌ರಹಿತ, ಸಮಪರಾಸರಣ ಆಗಿರಬೇಕು; ಸಮಪರಾಸರಣಕ್ಕೆ ಉದಾಹರಣೆ ಸೋಡಿಯಂ ಕ್ಲೋರೈಡ್ ಶೇ. 0.9.